ಕ್ಲೈಂಟ್ ಜೊತೆ ಫೋನಿನಲ್ಲಿ ಆದ ಮಾತನ್ನು ಮೇಲ್‌ನಲ್ಲಿ ಹೇಗೆ ಖಚಿತ ಮಾಡಿಕೊಳ್ಳುತ್ತೀರಿ? ಕರಡು ಹಾಕಿದ್ದೇನೆ, ನೋಡಿ ಹೇಳಿ

ಮಲೆನಾಡ ವೆಬ್

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಕೂತು ಒಬ್ಬನೇ ವೆಬ್‌ಸೈಟ್ ಮಾಡಿಕೊಡುತ್ತೇನೆ. ಸಕಲೇಶಪುರದ ಕಡೆ ಆರು ಕೋಣೆಗಳ ಒಂದು ಹೋಮ್‌ಸ್ಟೇ ಕೆಲಸ ಕೈಯಲ್ಲಿದೆ. ಜುಲೈನಲ್ಲಿ ಕೊಟೇಷನ್ ಕೊಟ್ಟಿದ್ದೆ: ಇಂಗ್ಲಿಷ್‌ನಲ್ಲಿ ಏಳು ಪುಟ, 60,000 ರೂಪಾಯಿ. ಅರ್ಧ ಮುಂಗಡ ಬಂದಿದೆ.

ಇವತ್ತು, 2025ರ ಆಗಸ್ಟ್ 5, ಮಂಗಳವಾರ, ಮಾಲೀಕರಾದ ಮೇಡಂ ಮತ್ತು ಅವರ ಮಗ ಇಬ್ಬರೂ ಕಾಲ್‌ನಲ್ಲಿದ್ದರು. ಮುಕ್ಕಾಲು ಗಂಟೆ ಮಾತಾಡಿದೆವು. ಕನ್ನಡದಲ್ಲೂ ಸೈಟ್ ಬೇಕು ಅಂದರು. ಸೈಟ್‌ನಲ್ಲೇ ಬುಕಿಂಗ್ ಬೇಕು ಅಂದರು. ದಸರಾ ರಜೆಗೆ ಜನ ಬರುತ್ತಾರೆ, ಅದಕ್ಕೆ ಮುಂಚೆ ಸೈಟ್ ಶುರುವಾಗಬೇಕು ಅಂದರು. ಎರಡಕ್ಕೂ ಸೇರಿ 35,000 ಜಾಸ್ತಿ ಆಗುತ್ತದೆ ಅಂದೆ, ಸರಿ ಅಂದರು. ಮಾತು ಚೆನ್ನಾಗೇ ಮುಗಿಯಿತು. ಈಗ ಈ ಮೇಲ್ ಕಳಿಸಬೇಕು ಅಂತಿದ್ದೇನೆ:

> ನಮಸ್ಕಾರ ಮೇಡಂ, ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಮಾತಾಡಿದ ಹಾಗೆ ಸೈಟ್‌ಗೆ ಕನ್ನಡ ಮತ್ತು ಬುಕಿಂಗ್ ಸೇರಿಸುತ್ತೇನೆ. ಹೆಚ್ಚುವರಿ 35,000 ರೂಪಾಯಿ. ಫೋಟೋ ಮತ್ತು ವಿವರ ಬೇಗ ಕಳಿಸಿ. ದಸರಾ ಒಳಗೆ ಮುಗಿಸೋಣ.

ಇಷ್ಟು ಸಾಕಾ? ಇದಕ್ಕಿಂತ ಉದ್ದ ಬರೆದರೆ, ನಮ್ಮ ಮಾತಿನ ಮೇಲೆ ಇವನಿಗೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರಾ? ಅವರು ತುಂಬ ಒಳ್ಳೆಯವರು. ಸಂಬಂಧ ಕೆಡೋದು ನನಗೆ ಬೇಡ.

ಕರಾವಳಿ ಕಿರಣ

ಒಂದು ಸಾಲು ಸೇರಿಸಿಬಿಡಿ, ಕೆಲಸ ಮುಗಿಯಿತು: "24 ಗಂಟೆಯೊಳಗೆ ನಿಮ್ಮಿಂದ ಉತ್ತರ ಬರದಿದ್ದರೆ ಇದಕ್ಕೆ ನಿಮ್ಮ ಒಪ್ಪಿಗೆ ಇದೆ ಎಂದು ತಿಳಿಯುತ್ತೇನೆ." ನಾನು ಎಲ್ಲ ಮೇಲ್‌ನಲ್ಲೂ ಇದನ್ನು ಹಾಕುತ್ತೇನೆ. ಆಮೇಲೆ ಯಾರೂ ಏನೂ ಕೇಳೋ ಹಾಗಿಲ್ಲ. ಮೇಲ್ ಅವತ್ತೇ ಕಳಿಸಿ, ಎರಡು ದಿನ ಬಿಟ್ಟು ಕಳಿಸಿದರೆ ಬೆಲೆ ಇಲ್ಲ. ಕಾಲ್ ರೆಕಾರ್ಡ್ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಮೈಸೂರು ಮರಗೆಲಸ

ನನ್ನದೂ ಇದೇ ಸಮಸ್ಯೆ ಸರ್. ಮನೆಗಳಿಗೆ ವಾರ್ಡ್‌ರೋಬ್, ಅಡುಗೆಮನೆ ಕ್ಯಾಬಿನೆಟ್ ಮಾಡಿಕೊಡುತ್ತೇನೆ. ಒಂದು ಮನೆಯಲ್ಲಿ ಲ್ಯಾಮಿನೇಟ್ ಬಣ್ಣ ಫೋನಿನಲ್ಲೇ ಹೇಳಿದರು, ಅದನ್ನೇ ತಂದು ಅಂಟಿಸಿದೆ. ಈಗ ನಾನು ಹೇಳಿದ್ದು ಇದಲ್ಲ ಅಂತ ಕೊನೆಯ ಕಂತು ಹಿಡಿದಿದ್ದಾರೆ. ಕೆಲಸ ಮುಗಿದು ತಿಂಗಳ ಮೇಲಾಯಿತು. ಈ ಬಾಕಿ ವಸೂಲಿಗೆ ಏನು ಮಾಡಬೇಕು? ಈಗ ಮೇಲ್ ಬರೆದರೆ ದುಡ್ಡು ಬರುತ್ತಾ?

ವಸುಧಾ

ಮರಗೆಲಸ ಅಣ್ಣ, ನಿಮ್ಮದು ಸ್ವಲ್ಪ ಬೇರೆ ಪ್ರಶ್ನೆ, ವಕೀಲರು ಯಾರಾದರೂ ಇದ್ದರೆ ಹೇಳುತ್ತಾರೆ. ಮೊದಲು ಈ ಕರಡು ನೋಡೋಣ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್. ಕಾಲ್ ಮುಗಿದ ಮೇಲೆ ಇಂಥ ಮೇಲ್ ಬರೆಯೋದು ನನಗೆ ದಿನನಿತ್ಯದ ಕೆಲಸ.

ನಿಮ್ಮ ಕರಡಿನಲ್ಲಿ ದೊಡ್ಡ ತೊಂದರೆ ಇರೋದು "ಬುಕಿಂಗ್ ಸೇರಿಸುತ್ತೇನೆ" ಅನ್ನೋ ಕಡೆ. ಅದನ್ನು ಓದಿ ಮೇಡಂ ಖಂಡಿತ ಸರಿ ಅನ್ನುತ್ತಾರೆ. ಆದರೆ ಅವರ ಮನಸ್ಸಿನಲ್ಲಿರೋದು ಏನು? ಅತಿಥಿ ಒಂದು ಫಾರ್ಮ್ ತುಂಬಿದರೆ ಮೇಡಂಗೆ ಮೇಲ್ ಬರೋದಾ? ಅಲ್ಲೇ ದುಡ್ಡು ಕಟ್ಟಿ ಕೋಣೆ ಖಾತ್ರಿ ಆಗೋದಾ? ಅಥವಾ ಬೇರೆ ಬುಕಿಂಗ್ ಸೈಟ್‌ಗಳಲ್ಲಿ ತುಂಬಿದ ಕೋಣೆ ಇಲ್ಲೂ ತುಂಬಿದ ಹಾಗೆ ಕಾಣೋದಾ? ಮೊದಲನೆಯದು ಅರ್ಧ ದಿನದ ಕೆಲಸ, ಮೂರನೆಯದು ವಾರಗಟ್ಟಲೆ. ಮೂರಕ್ಕೂ ಜನ ಬುಕಿಂಗ್ ಅಂತಲೇ ಹೇಳುತ್ತಾರೆ. ಹಾಗಾಗಿ ಸೌಲಭ್ಯದ ಹೆಸರು ಬರೆದು ಬಿಡಬೇಡಿ. ಅತಿಥಿ ಏನು ಮಾಡುತ್ತಾನೆ, ಆಮೇಲೆ ಏನಾಗುತ್ತದೆ ಅಂತ ಬರೆಯಿರಿ. ಓದಿದ ತಕ್ಷಣ "ಅಯ್ಯೋ, ನಾನು ಕೇಳಿದ್ದು ಇದಲ್ಲ" ಅಂತ ಅವರಿಗೆ ಅನಿಸಬೇಕು. ಅದು ಈಗಲೇ ಅನಿಸಿದರೆ ನಿಮ್ಮ ಪುಣ್ಯ.

ಎರಡನೆಯದು ದಿನಾಂಕ. "ದಸರಾ ಒಳಗೆ" ಅಂದರೆ ಯಾವತ್ತು? ಈ ವರ್ಷ ನವರಾತ್ರಿ ಶುರುವಾಗೋದು ಸೆಪ್ಟೆಂಬರ್ 22ಕ್ಕೆ, ವಿಜಯದಶಮಿ ಅಕ್ಟೋಬರ್ 2ಕ್ಕೆ. ನೀವು ಅಕ್ಟೋಬರ್ 1 ಅಂದುಕೊಂಡಿರಬಹುದು, ಅವರು ಸೆಪ್ಟೆಂಬರ್ ಎರಡನೇ ವಾರ ಅಂದುಕೊಂಡಿರಬಹುದು. ತಾರೀಕು ಮತ್ತು ವಾರ ಎರಡನ್ನೂ ಬರೆಯಿರಿ. ವಾರ ಬರೆದರೆ ತಪ್ಪು ತಾರೀಕು ತಕ್ಷಣ ಸಿಕ್ಕಿಬೀಳುತ್ತದೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ನಿಮ್ಮ ತಾರೀಕು ಅವರ ಕೈಯಲ್ಲಿದೆ. ಫೋಟೋ ಬರದೆ ಪುಟ ಆಗಲ್ಲ, ಕನ್ನಡ ಬರಹ ಬರದೆ ಕನ್ನಡ ಸೈಟ್ ಆಗಲ್ಲ. "ಬೇಗ ಕಳಿಸಿ" ಅಂದರೆ ಅದಕ್ಕೆ ತಾರೀಕೇ ಇಲ್ಲ. ಅವರು ಸೆಪ್ಟೆಂಬರ್ 10ಕ್ಕೆ ಫೋಟೋ ಕಳಿಸಿದರೂ ನೀವು ಬರೆದ ಪ್ರಕಾರ ತಪ್ಪು ನಿಮ್ಮದೇ ಆಗುತ್ತದೆ. ಯಾವ ಸಾಮಗ್ರಿ, ಯಾರಿಂದ, ಯಾವತ್ತು ಅಂತ ಬರೆದು, ನಿಮ್ಮ ತಾರೀಕನ್ನು ಅದಕ್ಕೆ ಗಂಟು ಹಾಕಿ.

ಕಾಲ್‌ನಲ್ಲಿ ಇನ್ನೇನಾದರೂ ಮಾತು ಬಂದಿತ್ತಾ? ನಿಮ್ಮ ಟಿಪ್ಪಣಿ ಇನ್ನೊಮ್ಮೆ ನೋಡಿ.

ಮಲೆನಾಡ ವೆಬ್

ಮೇಡಂ, ಬುಕಿಂಗ್ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು 20,000 ಹೇಳಿದ್ದು ಅತಿಥಿ ದಿನಾಂಕ ಆರಿಸಿ ದುಡ್ಡು ಕಟ್ಟುವಷ್ಟಕ್ಕೆ. ಕನ್ನಡಕ್ಕೆ 15,000. ಟಿಪ್ಪಣಿಯಲ್ಲಿ ಇನ್ನೊಂದಿದೆ. ಬೇರೆ ಬುಕಿಂಗ್ ಸೈಟ್‌ಗಳ ಕ್ಯಾಲೆಂಡರ್ ಜೊತೆ ಜೋಡಿಸೋಕೆ ಆಗುತ್ತಾ ಅಂತ ಮಗ ಕೇಳಿದರು. ನಾನು "ನೋಡೋಣ, ಮಾಡಬಹುದು ಅನಿಸುತ್ತೆ" ಅಂದೆ. ಅದನ್ನು ಮೇಲ್‌ನಲ್ಲಿ ಬರೆಯಬೇಕಾ? ಒಪ್ಪಂದ ಆದ ವಿಷಯ ಅಲ್ಲವಲ್ಲ ಅಂತ ಬಿಟ್ಟಿದ್ದೆ.

ವಸುಧಾ

ಅದನ್ನೇ ಮೊದಲು ಬರೆಯಬೇಕು. ನೀವು "ನೋಡೋಣ" ಅಂದಾಗ ನಿಮ್ಮ ಲೆಕ್ಕದಲ್ಲಿ ಇನ್ನೂ ಏನೂ ತೀರ್ಮಾನ ಆಗಿಲ್ಲ. ಕೇಳಿದವರ ಲೆಕ್ಕದಲ್ಲಿ ಅದು ಮುಕ್ಕಾಲು ಹೂಂ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋದು ನಮಗೆ ಕಷ್ಟ, ಹಾಗಾಗಿ ನಮ್ಮಲ್ಲಿ ಪ್ರತಿ ಕಾಲ್‌ನಲ್ಲೂ ಒಂದೆರಡು ಹೀಗೆ ಉಳಿದೇ ಉಳಿಯುತ್ತವೆ. ಜಗಳ ಆಗೋದು ಸಾಮಾನ್ಯವಾಗಿ ಒಪ್ಪಿದ ವಿಷಯಕ್ಕಲ್ಲ, ಹೀಗೆ ತೂಗಾಡುತ್ತಾ ಉಳಿದ ವಿಷಯಕ್ಕೆ.

ನಾನು ಮೇಲ್‌ನಲ್ಲಿ ಮೂರು ಗುಂಪು ಮಾಡುತ್ತೇನೆ. ಒಪ್ಪಿದ್ದು, ಈಗ ಸೇರಿಲ್ಲದ್ದು, ಇನ್ನೂ ತೀರ್ಮಾನ ಆಗಬೇಕಾದ್ದು. ಮೂರನೆಯ ಗುಂಪಿನ ಪ್ರತಿ ವಿಷಯಕ್ಕೂ ಯಾರು, ಯಾವತ್ತಿನೊಳಗೆ ಹೇಳಬೇಕು ಅಂತ ಇರಬೇಕು. ನಿಮ್ಮ ಕ್ಯಾಲೆಂಡರ್ ಜೋಡಣೆ ಅಲ್ಲಿ ಕೂರುತ್ತದೆ.

ಅಂದಹಾಗೆ, ಆ ಜೋಡಣೆಯ ಮಿತಿಯನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ. ಸಾಮಾನ್ಯವಾಗಿ ಅದು ಐಕ್ಯಾಲ್ ಕೊಂಡಿಯ ಮೂಲಕ ನಡೆಯುತ್ತದೆ, ಮಧ್ಯೆ ಮಧ್ಯೆ ಮಾತ್ರ ಹೊಸದಾಗುತ್ತದೆ, ತಕ್ಷಣ ಅಲ್ಲ. ಆ ನಡುವೆ ಒಂದೇ ಕೋಣೆ ಇಬ್ಬರಿಗೆ ಹೋಗುವ ಸಾಧ್ಯತೆ ಇದೆ. ಇದು ಮೊದಲೇ ಗೊತ್ತಿದ್ದರೆ ಅವರೇ ಬೇಡ ಅನ್ನಬಹುದು.

ಇನ್ನೊಂದು ಪ್ರಶ್ನೆ. ದುಡ್ಡು ಕಟ್ಟೋದು ಅಂದರೆ ಪೇಮೆಂಟ್ ಗೇಟ್‌ವೇ ಖಾತೆ ಬೇಕು. ಅದನ್ನು ಯಾರು ಮಾಡಿಸುತ್ತಾರೆ?

ಮಲೆನಾಡ ವೆಬ್

ಅದು ಅವರ ಹೆಸರಿನಲ್ಲೇ ಆಗಬೇಕು. ಪ್ಯಾನ್, ಬ್ಯಾಂಕ್ ಖಾತೆ, ಕೆವೈಸಿ ಎಲ್ಲ ಅವರದ್ದು. ಖಾತೆ ಮಂಜೂರಾಗುವ ಮುಂಚೆ ಸೈಟ್‌ನಲ್ಲಿ ನಿಯಮಗಳು, ಗೌಪ್ಯತೆ ಮತ್ತು ಹಣ ವಾಪಸಿಯ ಪುಟಗಳು ಇರಬೇಕು ಅಂತಲೂ ಕೇಳುತ್ತಾರೆ. ಈ ಮಾತು ಕಾಲ್‌ನಲ್ಲಿ ಬರಲೇ ಇಲ್ಲ.

ವಸುಧಾ

ಹಾಗಾದರೆ "ಕಾಲ್‌ನಲ್ಲಿ ಒಪ್ಪಿದ್ದು" ಅನ್ನೋ ಗುಂಪಿನಲ್ಲಿ ಅದನ್ನು ಹಾಕಬೇಡಿ. ಇದು ಕಾಲ್ ಆದಮೇಲೆ ನನಗೆ ಹೊಳೆದದ್ದು ಅಂತ ಬೇರೆಯಾಗಿ ಬರೆಯಿರಿ.

ಖರೀದಿ ಕಡೆಯವಳು

ವಸುಧಾ ಅವರ ಕೊನೆಯ ಮಾತಿಗೆ ನಾನು ಅಡಿಗೆರೆ ಹಾಕುತ್ತೇನೆ. ನಾನು ಟೇಬಲ್ಲಿನ ಆ ಕಡೆ ಕೂರುವವಳು. ಒಂದು ಗಾರ್ಮೆಂಟ್ ಘಟಕಕ್ಕೆ ಪ್ಯಾಕಿಂಗ್, ಮುದ್ರಣ, ವೆಬ್‌ಸೈಟ್ ಕೆಲಸಗಳನ್ನು ಹೊರಗಿನವರಿಂದ ಮಾಡಿಸುತ್ತೇನೆ. ಕಾಲ್ ಆದಮೇಲೆ ಬರುವ ಮೇಲ್‌ಗಳನ್ನು ಓದಿ ಒಪ್ಪಿಗೆ ಕೊಡೋದು ನನ್ನ ಕೆಲಸ.

ನನಗೆ ಸಿಟ್ಟು ಬರೋದು ಮೇಲ್ ಬಂತು ಅಂತಲ್ಲ. ಫೋನಿನಲ್ಲಿ ಆಡದೇ ಇದ್ದ ಮಾತನ್ನು "ಮಾತಾಡಿದ ಹಾಗೆ" ಅಂತ ಅದರೊಳಗೆ ತುರುಕಿದಾಗ. ಒಬ್ಬರು ಹೀಗೆ ಸಾಗಣೆ ವೆಚ್ಚ ಸೇರಿಸಿದ್ದರು. ಅವರ ಬೆಲೆ ಸರಿಯಾಗೇ ಇತ್ತು, ಕೇಳಿದ್ದರೆ ಕೊಡುತ್ತಿದ್ದೆ. ಆದರೆ ಅವತ್ತಿನಿಂದ ಅವರ ಪ್ರತಿ ಮೇಲ್ ಅನ್ನೂ ಪದ ಪದ ಹಿಡಿದು ಓದುತ್ತೇನೆ.

ನಂಬಿಕೆ ಇಲ್ಲ ಅಂದುಕೊಳ್ಳುತ್ತಾರಾ ಅಂತ ಕೇಳಿದಿರಿ. ನನಗಂತೂ ಹಾಗೆ ಅನಿಸಲ್ಲ. ಕಾಲ್ ಮುಗಿಯುವಾಗಲೇ "ಇದನ್ನೆಲ್ಲ ಬರೆದು ಸಂಜೆ ಕಳಿಸುತ್ತೇನೆ, ನಾನೇನಾದರೂ ತಪ್ಪು ತಿಳಿದುಕೊಂಡಿದ್ದರೆ ಹೇಳಿ" ಅಂದರೆ ಸಾಕು. ನನ್ನ ಬಾಸ್‌ಗೆ ತೋರಿಸೋಕೂ ಅದು ನನಗೇ ಬೇಕಾಗುತ್ತದೆ. ನಿಮ್ಮ ಮೇಡಂ ಕೂಡ ಮನೆಯಲ್ಲಿ ಯಾರಿಗಾದರೂ ಲೆಕ್ಕ ಹೇಳಬೇಕಿರುತ್ತದೆ, ಅಲ್ವಾ?

ಓದೋದು ಫೋನಿನಲ್ಲಿ ಅನ್ನೋದು ನೆನಪಿರಲಿ. ದುಡ್ಡು ಮತ್ತು ತಾರೀಕು ಮೇಲೆಯೇ ಕಾಣಬೇಕು. ವಿಷಯದ ಸಾಲಿನಲ್ಲಿ ಬರೀ "ಧನ್ಯವಾದ" ಅಂತ ಹಾಕಿದರೆ ಮೂರು ತಿಂಗಳಾದ ಮೇಲೆ ಹುಡುಕಿದರೆ ಸಿಗಲ್ಲ.

ಎಸ್‌ವಿ ವಕೀಲ

ಎರಡು ವಿಷಯ ಹೇಳುತ್ತೇನೆ.

ಕಿರಣ್ ಅವರೇ, ಮೇಲ್ ಅವತ್ತೇ ಕಳಿಸಬೇಕು ಅನ್ನೋದು ಒಳ್ಳೆಯ ಸಲಹೆ. ಆದರೆ "ಉತ್ತರ ಬರದಿದ್ದರೆ ಒಪ್ಪಿಗೆ" ಅನ್ನೋ ಸಾಲನ್ನೇ ನಂಬಿಕೊಂಡು ಕೂರಬೇಡಿ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ, ಪ್ರಸ್ತಾಪಕ್ಕೆ ಎದುರಿನವರು ತಮ್ಮ ಒಪ್ಪಿಗೆಯನ್ನು ತಿಳಿಸಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ ಅಂತ ನೀವೊಬ್ಬರೇ ನಿಯಮ ಹಾಕಿ ಅದನ್ನು ಅವರ ಮೇಲೆ ಹೊರಿಸೋಕೆ ಆಗಲ್ಲ. ಹಾಗಂತ ಮೌನಕ್ಕೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಮೇಲ್ ತಲುಪಿದ ಮೇಲೆ ಅವರು ಅದರಲ್ಲಿ ಹೇಳಿದ ಮುಂಗಡ ಕಳಿಸಿದರೆ, ಅದರಲ್ಲಿ ಕೇಳಿದ ಫೋಟೋ ಕಳಿಸಿದರೆ, ಆ ನಡವಳಿಕೆಯೇ ಒಪ್ಪಿಗೆಯ ಕಡೆ ಬೆರಳು ತೋರಿಸುತ್ತದೆ. ಮೇಲ್ ಮೂಲಕವೇ ಒಪ್ಪಂದ ಆಗಬಹುದು ಅನ್ನೋದರಲ್ಲಿ ಸಂಶಯ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಅದಕ್ಕೇ ಇದೆ. ಟ್ರೈಮೆಕ್ಸ್ ಮತ್ತು ವೇದಾಂತ ನಡುವಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಸಹಿ ಮಾಡಿದ ದೊಡ್ಡ ಕರಾರು ಇರದಿದ್ದರೂ ಮೇಲ್‌ಗಳಲ್ಲೇ ಒಪ್ಪಂದ ಆಗಿದೆ ಅಂತ ಹೇಳಿತು.

ಮರಗೆಲಸದವರಿಗೆ. ಈಗ ಮೇಲ್ ಬರೆದ ಮಾತ್ರಕ್ಕೆ ಹಳೆಯ ಮಾತಿಗೆ ಸಾಕ್ಷಿ ಹುಟ್ಟಲ್ಲ. ಆದರೆ ಲ್ಯಾಮಿನೇಟ್ ಅಂಟಿಸುವಾಗ ಅವರು ನೋಡಿದ್ದು, ಆಮೇಲೆ ಕಂತು ಕೊಟ್ಟಿದ್ದು, ಅಂಗಡಿ ಬಿಲ್‌ನಲ್ಲಿರುವ ಶೇಡ್ ನಂಬರ್, ಇವನ್ನೆಲ್ಲ ತಾರೀಕಿನ ಸಮೇತ ಬರೆದು ಕಳಿಸಿ. ನೀವು ಉದ್ಯಮ್ ನೋಂದಣಿ ಮಾಡಿಸಿದ್ದೀರಾ? 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಒಂದು ಉಪಯೋಗದ ಮಾತಿದೆ. ಸರಕು ಅಥವಾ ಸೇವೆ ತಲುಪಿದ 15 ದಿನದೊಳಗೆ ಕೊಂಡವರು ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ, ತಲುಪಿದ ದಿನವೇ ಸ್ವೀಕರಿಸಿದ ಹಾಗೆ. ಹಣ ಕೊಡುವ ಗಡುವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರೂ ಅದು 45 ದಿನ ದಾಟುವ ಹಾಗಿಲ್ಲ. ಆದರೆ ನಿಮ್ಮ ಥರದ ಒಳಾಂಗಣ ಗುತ್ತಿಗೆ ಕೆಲಸಕ್ಕೆ ಇದು ಅನ್ವಯಿಸುತ್ತಾ ಅನ್ನೋದರಲ್ಲಿ ನ್ಯಾಯಾಲಯಗಳು ಒಂದೇ ಥರ ಹೇಳಿಲ್ಲ. ಕಾಗದಪತ್ರ ಹಿಡಿದು ಒಬ್ಬ ವಕೀಲರನ್ನು ನೋಡಿ.

ಮಲೆನಾಡ ವೆಬ್ ಅವರಿಗೂ ಉದ್ಯಮ್ ನೋಂದಣಿ ಇದ್ದರೆ ಈ 15 ದಿನದ ಮಾತು ಕೆಲಸಕ್ಕೆ ಬರುತ್ತದೆ. ಸೈಟ್ ಒಪ್ಪಿಸಿದ ದಿನ "ಇವತ್ತು ಒಪ್ಪಿಸಿದ್ದೇನೆ" ಅಂತ ಒಂದು ಮೇಲ್ ಹಾಕಿ. ಅದಿಲ್ಲದಿದ್ದರೆ ಎಣಿಕೆ ಯಾವತ್ತಿನಿಂದ ಅನ್ನೋದೇ ಜಗಳ ಆಗುತ್ತದೆ.

ಮೈಸೂರು ಮರಗೆಲಸ

ಉದ್ಯಮ್ ಇದೆ ಸರ್, ಬ್ಯಾಂಕಿನವರು ಮಾಡಿಸಿದ್ದರು. ಶೇಡ್ ನಂಬರ್ ಇರುವ ಬಿಲ್ ಕೂಡ ಸಿಕ್ಕಿತು. ಧನ್ಯವಾದ.

ಕರಾವಳಿ ಕಿರಣ

ವಕೀಲರೇ, ಕಾನೂನು ಒಪ್ಪುತ್ತೇನೆ. ಆದರೆ ಕೋರ್ಟಿಗೆ ಹೋಗುವವರು ಯಾರು? 35,000ಕ್ಕೆ ಯಾರೂ ಹೋಗಲ್ಲ. ಆ ಸಾಲು ಇದ್ದರೆ ಜನ ಉತ್ತರ ಕೊಡುತ್ತಾರೆ, ನನಗೆ ಬೇಕಿರೋದು ಅಷ್ಟೇ. ಮತ್ತೆ ಉತ್ತರ ಬರದಿದ್ದರೆ ಏನು ಮಾಡಬೇಕು? ಕೈಕಟ್ಟಿ ಕೂರಬೇಕಾ?

ವಸುಧಾ

ಒಳ್ಳೆ ಪ್ರಶ್ನೆ. ಉತ್ತರ ಬರದಿದ್ದರೆ ಅವರು ಏನು ಒಪ್ಪಿದ ಹಾಗೆ ಅಂತ ಬರೆಯುವ ಬದಲು, ನಾವು ಏನು ಮಾಡುತ್ತೇವೆ ಅಂತ ಬರೆಯಬಹುದು. ನಮ್ಮ ಕೆಲಸ ನಮ್ಮ ಕೈಯಲ್ಲಿದೆ, ಅದಕ್ಕೆ ಅವರ ಒಪ್ಪಿಗೆ ಬೇಕಿಲ್ಲ.

ಈ ಕೇಸಿನಲ್ಲಿ ಒಂದು ಅನುಕೂಲ ಇದೆ. ಜುಲೈನ ಕೊಟೇಷನ್ ಬರವಣಿಗೆಯಲ್ಲಿದೆ, ಮುಂಗಡವೂ ಬಂದಿದೆ. ಅದರಲ್ಲಿ ಇಬ್ಬರಿಗೂ ಅನುಮಾನ ಇಲ್ಲ. ಹಾಗಾಗಿ ಹೀಗೆ ಬರೆಯಿರಿ: "ಶುಕ್ರವಾರದೊಳಗೆ ನಿಮ್ಮ ಉತ್ತರ ಬಂದರೆ ಕನ್ನಡ ಮತ್ತು ಬುಕಿಂಗ್ ಕೆಲಸ ಸೇರಿಸಿ ಕೆಳಗಿನ ತಾರೀಕು ಹಿಡಿಯುತ್ತೇನೆ. ಅಲ್ಲಿಯವರೆಗೆ ಜುಲೈ ಕೊಟೇಷನ್‌ನ ಏಳು ಪುಟದ ಕೆಲಸ ಮಾತ್ರ ನಡೆಯುತ್ತದೆ." ಉತ್ತರ ಬಂದಿಲ್ಲ ಅಂದುಕೊಳ್ಳಿ. ಮಾತು ತಾನಾಗೇ ಕೊನೆಯ ಬರವಣಿಗೆಗೆ ಹೋಗಿ ನಿಲ್ಲುತ್ತದೆ. ನೀವು ಹೊಸ ಕೆಲಸ ಬಿಟ್ಟಿಯಾಗಿ ಮಾಡಿ ಕೂತಿರಲ್ಲ, ಅವರ ಮೇಲೆ ಏನನ್ನೂ ಹೊರಿಸಿರಲ್ಲ. ಬೇಗ ಉತ್ತರ ಕೊಡೋದು ಅವರಿಗೇ ಲಾಭ, ಯಾಕೆಂದರೆ ದಸರಾ ಹತ್ತಿರ ಬರುತ್ತಿದೆ.

ರೆಕಾರ್ಡಿಂಗ್ ಬಗ್ಗೆ: ಹೇಳದೆ ಮಾಡಿದ್ದು ಗೊತ್ತಾದರೆ ಸಂಬಂಧ ಅಲ್ಲಿಗೇ ಮುಗಿಯುತ್ತದೆ. ಹೇಳಿ ಮಾಡಿದರೆ ಟಿಪ್ಪಣಿ ಸರಿಯಾಗಿದೆಯಾ ಅಂತ ನೋಡಿಕೊಳ್ಳೋಕೆ ಚೆನ್ನಾಗಿರುತ್ತದೆ. ಆದರೆ ಆಗಲೂ ಅದರಲ್ಲಿ ಇರೋದು ಆ "ನೋಡೋಣ" ಮಾತ್ರ. ತೀರ್ಮಾನ ಅದರಲ್ಲಿ ಸಿಗಲ್ಲ.

ಮಲೆನಾಡ ವೆಬ್

ಎಲ್ಲ ಓದಿ ಹೊಸದಾಗಿ ಬರೆದೆ. ಸ್ವಲ್ಪ ಉದ್ದ ಆಗಿದೆ.

> ವಿಷಯ: ಹೋಮ್‌ಸ್ಟೇ ವೆಬ್‌ಸೈಟ್: ಆಗಸ್ಟ್ 5ರ ಕಾಲ್‌ನಲ್ಲಿ ಒಪ್ಪಿದ್ದು, ಶುಕ್ರವಾರದೊಳಗೆ ಉತ್ತರ ಬೇಕು
>
> ನಮಸ್ಕಾರ ಮೇಡಂ. ಇವತ್ತು ನಿಮ್ಮ ಮತ್ತು ನಿಮ್ಮ ಮಗನ ಜೊತೆ ಆದ ಮಾತನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಬರೆದಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ತಿದ್ದಿ.
>
> ಒಟ್ಟು ಮೊತ್ತ ಈಗ 95,000 ರೂಪಾಯಿ: ಜುಲೈ ಕೊಟೇಷನ್ 60,000, ಕನ್ನಡ 15,000, ಬುಕಿಂಗ್ 20,000. ಸೈಟ್ ಶುರುವಾಗುವ ದಿನ ಸೆಪ್ಟೆಂಬರ್ 19, ಶುಕ್ರವಾರ.
>
> ಒಪ್ಪಿದ್ದು: ಏಳೂ ಪುಟ ಕನ್ನಡದಲ್ಲೂ ಇರುತ್ತವೆ. ಕನ್ನಡ ಬರಹ ನೀವು ಕೊಡುತ್ತೀರಿ, ನಾನು ಪುಟಕ್ಕೆ ಹಾಕುತ್ತೇನೆ. ಬುಕಿಂಗ್: ಅತಿಥಿ ಕೋಣೆ ಮತ್ತು ದಿನಾಂಕ ಆರಿಸಿ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುತ್ತಾರೆ, ಅತಿಥಿಗೂ ನಿಮಗೂ ಮೇಲ್ ಬರುತ್ತದೆ, ಆ ದಿನಕ್ಕೆ ಆ ಕೋಣೆ ನಮ್ಮ ಸೈಟ್‌ನಲ್ಲಿ ಮುಚ್ಚುತ್ತದೆ.
>
> ಈಗ ಸೇರಿಲ್ಲ: ಬೇರೆ ಸೈಟ್‌ಗಳಲ್ಲಿ ಬುಕ್ ಆದ ಕೋಣೆ ನಮ್ಮ ಸೈಟ್‌ನಲ್ಲಿ ತಾನಾಗೇ ಮುಚ್ಚುವುದಿಲ್ಲ. ನೀವೇ ಮುಚ್ಚಬೇಕು, ಅದಕ್ಕೆ ಒಂದು ಪುಟ ಮಾಡಿಕೊಡುತ್ತೇನೆ.
>
> ಇನ್ನೂ ತೀರ್ಮಾನ ಆಗಬೇಕು: ಆ ಕ್ಯಾಲೆಂಡರ್ ಜೋಡಣೆ. ಎಷ್ಟು ಖರ್ಚು, ಎಷ್ಟು ತಡವಾಗಿ ಹೊಸದಾಗುತ್ತದೆ ಅಂತ ನೋಡಿ ಆಗಸ್ಟ್ 12ರೊಳಗೆ ತಿಳಿಸುತ್ತೇನೆ. ಬೇಕೋ ಬೇಡವೋ ಆಮೇಲೆ ಹೇಳಿ.
>
> ಕಾಲ್‌ನಲ್ಲಿ ಮಾತಾಡದ ಒಂದು ವಿಷಯ: ಪೇಮೆಂಟ್ ಗೇಟ್‌ವೇ ಖಾತೆ ನಿಮ್ಮ ಹೆಸರಿನಲ್ಲಿ ಆಗಬೇಕು. ಪ್ಯಾನ್ ಮತ್ತು ಬ್ಯಾಂಕ್ ವಿವರ ನೀವೇ ಸಲ್ಲಿಸಬೇಕು, ನಾನು ಜೊತೆಗಿದ್ದು ಸಹಾಯ ಮಾಡುತ್ತೇನೆ. ಮಂಜೂರಾಗುವ ದಿನ ನಮ್ಮಿಬ್ಬರ ಕೈಯಲ್ಲೂ ಇಲ್ಲ.
>
> ತಾರೀಕು: ಫೋಟೋ, ಕೋಣೆ ಬಾಡಿಗೆ, ಕನ್ನಡ ಬರಹ ಆಗಸ್ಟ್ 11 ಸೋಮವಾರದೊಳಗೆ ನಿಮ್ಮಿಂದ. ನಾಲ್ಕು ವಾರಕ್ಕೆ, ಸೆಪ್ಟೆಂಬರ್ 8 ಸೋಮವಾರ, ನೋಡಲು ಸೈಟ್ ಸಿದ್ಧ. ಸೆಪ್ಟೆಂಬರ್ 15 ಸೋಮವಾರದೊಳಗೆ ನಿಮ್ಮ ಬದಲಾವಣೆಗಳು, ಎಲ್ಲ ಒಟ್ಟಿಗೆ. ಸೆಪ್ಟೆಂಬರ್ 19 ಶುಕ್ರವಾರ ಶುರು. ಸಾಮಗ್ರಿ ಎಷ್ಟು ದಿನ ತಡವಾಗುತ್ತದೋ ಮುಂದಿನ ತಾರೀಕುಗಳೂ ಅಷ್ಟೇ ದಿನ ಮುಂದೆ ಹೋಗುತ್ತವೆ.
>
> ಇಷ್ಟೂ ಸರಿಯಿದ್ದರೆ "ಸರಿ" ಅಂತ ಒಂದು ಉತ್ತರ ಸಾಕು. ಆಗಸ್ಟ್ 8 ಶುಕ್ರವಾರದೊಳಗೆ ಬಂದರೆ ಈ ತಾರೀಕು ಹಿಡಿಯುತ್ತೇನೆ. ಅಲ್ಲಿಯವರೆಗೆ ಜುಲೈ ಕೊಟೇಷನ್‌ನ ಏಳು ಪುಟದ ಕೆಲಸ ಮಾತ್ರ ನಡೆಯುತ್ತದೆ.

ಖರೀದಿ ಕಡೆಯವಳು

ಇದು ನನಗೆ ಬಂದಿದ್ದರೆ ಅವತ್ತೇ ಸರಿ ಅನ್ನುತ್ತಿದ್ದೆ. ಒಂದು ಕೊರತೆ ಇದೆ. ಮೇಡಂ ಮತ್ತು ಮಗ ಇಬ್ಬರಿದ್ದಾರೆ. ನಾಳೆ ಮಗ ಒಂದು ಹೇಳಿ, ಮೇಡಂ ಇನ್ನೊಂದು ಹೇಳಿದರೆ? ಮಗನನ್ನೂ ಮೇಲ್‌ನಲ್ಲಿ ಸೇರಿಸಿ, "ಬದಲಾವಣೆಗೆ ಕೊನೆಯ ಮಾತು ನಿಮ್ಮಿಬ್ಬರಲ್ಲಿ ಯಾರದ್ದು ಅಂತ ತಿಳಿಸಿ" ಅಂತ ಕೇಳಿ. ಯಾರು ಅಂತ ನೀವೇ ಊಹಿಸಬೇಡಿ, ಮನೆಯ ವಿಷಯ ಅದು.

ವಸುಧಾ

ಹೌದು, ಅದು ನನಗೂ ತಪ್ಪಿತ್ತು. ಇನ್ನೊಂದು ಚಿಕ್ಕದು: ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅಂತ ಮೊತ್ತದ ಪಕ್ಕ ಬರೆಯಿರಿ. ನೀವು ನೋಂದಣಿ ಮಾಡಿಸಿಲ್ಲದಿದ್ದರೆ ಅದನ್ನೇ ಬರೆಯಿರಿ.

ಹುಬ್ಬಳ್ಳಿ ಮುದ್ರಣ

ನನ್ನ ಗಿರಾಕಿಗಳು ಮೇಲ್ ತೆಗೆಯೋದೇ ಇಲ್ಲ. ಮದುವೆ ಪತ್ರಿಕೆ, ಅಂಗಡಿ ಬೋರ್ಡ್, ಬಿಲ್ ಪುಸ್ತಕ ಮುದ್ರಿಸುವವನು ನಾನು. ಎಲ್ಲ ವಾಟ್ಸಾಪ್‌ನಲ್ಲೇ. ಅದರಲ್ಲೂ ಅರ್ಧ ಜನ ಟೈಪ್ ಮಾಡಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ. "ಹೋದ ಸಲದ್ದೇ ಇರಲಿ, ಬಣ್ಣ ಸ್ವಲ್ಪ ಗಾಢ" ಅಂತ. ನಾನು ಅದನ್ನು ಕೇಳಿ ಟೈಪ್ ಮಾಡಿ ಅವರಿಗೇ ಕಳಿಸುತ್ತೇನೆ: 500 ಪ್ರತಿ, ಹೋದ ಸಲದ ಕಾಗದ, ಮೆರೂನ್ ಬಣ್ಣ, ಗುರುವಾರ ಸಂಜೆ, ಸರಿನಾ? ಅವರಿಂದ "ಸರಿ" ಬಂದ ಮೇಲೆ ಪ್ಲೇಟ್ ಮಾಡಿಸೋದು. ಹೆಬ್ಬೆರಳು ಗುರುತು ಮಾತ್ರ ಬಂದರೆ ನಾನು ಇನ್ನೊಮ್ಮೆ ಕೇಳುತ್ತೇನೆ. ನೋಡಿದೆ ಅನ್ನೋದಕ್ಕೂ ಅದನ್ನೇ ಒತ್ತುತ್ತಾರೆ. ಇಷ್ಟು ಸಾಲದಾ?

ಎಸ್‌ವಿ ವಕೀಲ

ನಿಮ್ಮ ಕೆಲಸಕ್ಕೆ ಸಾಕು, ಚೆನ್ನಾಗೂ ಇದೆ. ಎರಡು ಎಚ್ಚರಿಕೆ. ಆ ಚಾಟ್‌ನಲ್ಲಿ ಸಂದೇಶ ತಾನಾಗೇ ಮಾಯವಾಗುವ ಸೆಟ್ಟಿಂಗ್ ಆನ್ ಆಗಿದೆಯಾ ನೋಡಿ. ಆನ್ ಇದ್ದರೆ ನಿಮ್ಮ ದಾಖಲೆಯೂ ಹೋಗುತ್ತದೆ. ಮತ್ತೆ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ಹಾಗಾಗಿ ಸರಿ ಅಂದವರು ಯಾವ ಸಾಲಿಗೆ ಸರಿ ಅಂದರು ಅನ್ನೋದು ಸ್ಪಷ್ಟ ಇರಲಿ. ನಿಮ್ಮ ಸಂದೇಶವನ್ನೇ ಎತ್ತಿಕೊಂಡು ಅದರ ಕೆಳಗೆ ಉತ್ತರ ಕೊಡೋಕೆ ಹೇಳಿ.

ಜೊತೆಗೆ, ಸ್ಕ್ರೀನ್‌ಶಾಟ್ ಇದೆಯಲ್ಲ ಅಂತ ಮೂಲ ಚಾಟ್ ಅಳಿಸಬೇಡಿ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕಾಗುತ್ತದೆ. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಕೆಳಗೆ ಬರುತ್ತದೆ. ಮೂಲ ಇರುವ ಫೋನ್, ಮೂಲ ಇರುವ ಮೇಲ್ ಖಾತೆ ಕೈಯಲ್ಲಿದ್ದರೆ ಅದು ಸುಲಭ.

ವಸುಧಾ

ನಾನಾದರೆ ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಮೇಲ್ ಬಿಡಲ್ಲ. ವಾಟ್ಸಾಪ್‌ನಲ್ಲಿ ಒಪ್ಪಿಗೆ ಬಂದರೂ ಅದನ್ನು ಅದೇ ಮೇಲ್ ಸರಣಿಗೆ ಬರೆದು ಹಾಕುತ್ತೇನೆ. ಮತ್ತೆ, ಹೊಸ ಕೆಲಸಕ್ಕೆ ಉತ್ತರ ಬರೋವರೆಗೆ ಕೈ ಹಾಕಲ್ಲ.

ಕರಾವಳಿ ಕಿರಣ

ಅಲ್ಲಿ ನನ್ನ ಅಭಿಪ್ರಾಯ ಬೇರೆ. ದೊಡ್ಡ ಕಂಪನಿಗೆ ಕಾಯೋಕೆ ಆಗುತ್ತದೆ. ಒಬ್ಬನೇ ಇರುವವನಿಗೆ ಮೂರು ದಿನ ಸುಮ್ಮನೆ ಹೋದರೆ ಆ ತಿಂಗಳ ಸಂಪಾದನೆಗೇ ಪೆಟ್ಟು. ಬುಕಿಂಗ್‌ಗೆ ಬೇಕಾದ ಡೇಟಾಬೇಸ್ ಹೇಗೂ ಮಾಡಲೇಬೇಕು, ಶುರು ಮಾಡಿಬಿಡಿ ಅಂತೀನಿ.

ವಸುಧಾ

ಮಾಡಬಹುದು, ಆದರೆ ಅದು ನಿಮ್ಮ ಜವಾಬ್ದಾರಿಯ ಮೇಲೆ. ಒಮ್ಮೆ ಕೆಲಸ ಶುರುವಾದದ್ದು ಗೊತ್ತಾದರೆ ಉತ್ತರ ಕೊಡುವ ಆತುರ ಅವರಿಗೆ ಇರಲ್ಲ. ಇದರಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಬರೋದು ಕಷ್ಟ ಅನಿಸುತ್ತದೆ.

ಮಲೆನಾಡ ವೆಬ್

ಉತ್ತರ ಬಂತು! ಮಂಗಳವಾರ ರಾತ್ರಿ ಕಳಿಸಿದೆ, ಗುರುವಾರ ಬೆಳಿಗ್ಗೆ ಬಂತು. ಬೇಸರ ಏನೂ ಮಾಡಿಕೊಂಡಿಲ್ಲ. ಕೊನೆಯ ಮಾತು ಮೇಡಂದೇ ಅಂತೆ, ಅದನ್ನು ಮಗನೇ ಬರೆದಿದ್ದಾರೆ. ಮೊತ್ತಕ್ಕೆ ಸರಿ. ಕ್ಯಾಲೆಂಡರ್ ಜೋಡಣೆ ಸೇರಿದೆ ಅಂತಲೇ ಅಂದುಕೊಂಡಿದ್ದರಂತೆ. ತಕ್ಷಣ ಹೊಸದಾಗಲ್ಲ ಅಂದರೆ ಸದ್ಯ ಬೇಡ, ಆರೇ ಕೋಣೆ ತಾನೇ, ನಾವೇ ಮುಚ್ಚುತ್ತೇವೆ ಅಂದಿದ್ದಾರೆ.

ಆದರೆ ಫೋಟೋ ಆಗಸ್ಟ್ 11ಕ್ಕೆ ಆಗಲ್ಲ. ಅಲ್ಲಿ ಒಂದೇ ಸಮನೆ ಮಳೆ, ಫೋಟೋಗ್ರಾಫರ್ ಬಂದು ವಾಪಸ್ ಹೋಗಿದ್ದಾರೆ. 25ರ ಹೊತ್ತಿಗೆ ಕೊಡಬಹುದು ಅಂತಾರೆ. ನನ್ನ ಲೆಕ್ಕದಲ್ಲಿ ಎರಡು ವಾರ ಮುಂದೆ ಹೋದರೆ ಶುರುವಾಗೋದು ಅಕ್ಟೋಬರ್ 3ಕ್ಕೆ, ವಿಜಯದಶಮಿಯ ಮಾರನೇ ದಿನ. ಅವರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ವಸುಧಾ

ನಿಮ್ಮ ಬಳಿ ಇನ್ನೂ ಆರು ವಾರ ಇದೆ. ಬೇರೆ ದಾರಿ ಕೇಳಿ. ಅವರ ಹತ್ತಿರ ಹಳೆಯ ಫೋಟೋ ಇರಬೇಕಲ್ಲ? ಬಿಸಿಲು ಕಾಲದಲ್ಲಿ ಫೋನಿನಲ್ಲಿ ತೆಗೆದದ್ದಾದರೂ ಸರಿ.

ಮಲೆನಾಡ ವೆಬ್

ಫೋನ್ ಮಾಡಿ ಕೇಳಿದೆ. ಮಾರ್ಚ್‌ನಲ್ಲಿ ಕಾಫಿ ಹೂ ಬಿಟ್ಟಾಗ ತೆಗೆದ ಚೆನ್ನಾಗಿರುವ ಫೋಟೋಗಳು ಇವೆಯಂತೆ. ಅದನ್ನೇ ಹಾಕಿ ಸೆಪ್ಟೆಂಬರ್ 19ಕ್ಕೆ ಶುರು ಮಾಡೋಣ, ಹೊಸ ಫೋಟೋ ಬಂದ ಮೇಲೆ ಬದಲಾಯಿಸೋಣ ಅಂತ ಮಾತಾಯಿತು. ಬಾಡಿಗೆ ಪಟ್ಟಿ, ಕನ್ನಡ ಬರಹ ಮತ್ತು ಈ ಹಳೆಯ ಫೋಟೋ 11ಕ್ಕೇ ಕೊಡುತ್ತಾರೆ. ಈಗ ಇಡೀ ಮೇಲ್ ಮತ್ತೆ ಬರೆಯಬೇಕಾ?

ವಸುಧಾ

ಬೇಡ. ಅದೇ ಮೇಲ್‌ಗೆ ಉತ್ತರವಾಗಿ ಬದಲಾದದ್ದನ್ನು ಮಾತ್ರ ಬರೆಯಿರಿ. ಕ್ಯಾಲೆಂಡರ್ ಜೋಡಣೆ ಸದ್ಯಕ್ಕಿಲ್ಲ, ಮೊದಲು ಹಳೆಯ ಫೋಟೋ, ಸೆಪ್ಟೆಂಬರ್ 19 ಹಾಗೇ ಇದೆ, ಉಳಿದದ್ದೆಲ್ಲ ಆಗಸ್ಟ್ 5ರ ಮೇಲ್‌ನಂತೆ. ನಾಲ್ಕು ಸಾಲು. ಅದಕ್ಕೂ ಒಂದು "ಸರಿ" ತರಿಸಿಕೊಳ್ಳಿ, ಯಾಕೆಂದರೆ ಇವತ್ತಿನದ್ದು ಮತ್ತೆ ಫೋನ್ ಮಾತೇ.

ಖರೀದಿ ಕಡೆಯವಳು

ಹೊಸ ಫೋಟೋ ಬಂದ ಮೇಲೆ ಬದಲಾಯಿಸುವ ಕೆಲಸ 95,000ದಲ್ಲೇ ಸೇರಿದೆಯಾ? ಎಷ್ಟು ಸಲ ಬದಲಾಯಿಸುತ್ತೀರಿ? ನಾನು ಗಿರಾಕಿ ಆಗಿದ್ದರೆ ಸೇರಿದೆ, ಎಷ್ಟು ಸಲ ಬೇಕಾದರೂ ಅಂದುಕೊಳ್ಳುತ್ತಿದ್ದೆ.

ಮಲೆನಾಡ ವೆಬ್

ಅದರ ಮಾತೇ ಆಗಿಲ್ಲ. ಒಂದು ಸಲ, ಎಲ್ಲ ಒಟ್ಟಿಗೆ, ಅಕ್ಟೋಬರ್ 31ರೊಳಗೆ ಬಂದರೆ ದುಡ್ಡಿಲ್ಲದೆ ಮಾಡಿಕೊಡುತ್ತೇನೆ ಅಂತ ಐದನೇ ಸಾಲು ಹಾಕುತ್ತೇನೆ. ಇದು ನನ್ನ ಪ್ರಸ್ತಾಪ, ಫೋನಿನಲ್ಲಿ ಆದ ಮಾತಲ್ಲ ಅಂತಲೂ ಬರೆಯುತ್ತೇನೆ. ಈಗಲೇ ಕಳಿಸುತ್ತಿದ್ದೇನೆ.